ಲಗತ್ತು, ಅಡಕ, ಅನುಬಂಧ: ವರದಿಯ ಒಳಗೆ ಯಾವುದು?

ನಮಸ್ಕಾರ. ನಾನು ಗ್ರಾಮ ಆಡಳಿತ ಅಧಿಕಾರಿ. ಮಳೆಗೆ ಬಿದ್ದ ಮನೆಗಳ ಸ್ಥಳ ಪರಿಶೀಲನಾ ವರದಿ ಬರೆಯುತ್ತಿದ್ದೇನೆ. ಒಂದರಲ್ಲಿ ಹೀಗೆ ಬರೆದಿದ್ದೆ: “ಪಶ್ಚಿಮದ ಗೋಡೆ ಕುಸಿದಿರುತ್ತದೆ. ಭಾವಚಿತ್ರ, ಕೈನಕ್ಷೆ ಮತ್ತು ಅಳತೆಯನ್ನು ಇದರೊಂದಿಗೆ ಲಗತ್ತಿಸಲಾಗಿದೆ.” ಶಿರಸ್ತೇದಾರರು ‘ಲಗತ್ತಿಸಲಾಗಿದೆ’ ಹೊಡೆದು ‘ಅಡಕಗೊಳಿಸಿದೆ’ ಮಾಡಿದರು. ನನಗಿಂತ ಮೊದಲಿದ್ದವರು ‘ಅನುಬಂಧ’ ಎನ್ನುತ್ತಿದ್ದರಂತೆ. ಮೂರರಲ್ಲಿ ಯಾವುದು ಸರಿ?

ಕಾಲೇಜು ಕನ್ನಡ ಅಧ್ಯಾಪಕರೊಬ್ಬರು:
ಶಿರಸ್ತೇದಾರರೇ ಸರಿ. ‘ಅಡಕ’ ಅಚ್ಚಗನ್ನಡ, ‘ಅಡಗು’ವಿನ ಬಳಗದ್ದು. ‘ಲಗತ್ತು’ ಹೊರಗಿನಿಂದ ಬಂದದ್ದು. ಎಲ್ಲದಕ್ಕೂ ಅಡಕ ಸಾಕು.

ಮಂಗಳೂರಿನಿಂದ ಒಬ್ಬರು:
ಫೋಟೊ ಹತ್ತು ಎಂಬಿ ದಾಟಿದರೆ ನಮ್ಮಲ್ಲೂ ಲಗತ್ತು ಹೋಗುವುದಿಲ್ಲ. ಗಾತ್ರ ಇಳಿಸಿ ಕಳಿಸಿ ನೋಡಿ.

ನಿವೃತ್ತ ಭೂಮಾಪಕರು:
ಇಮೇಲ್ ವಿಷಯ ಅಲ್ಲ ಮಾರಾಯರೇ, ಪದದ ವಿಷಯ! ಮೇಷ್ಟ್ರ ಮಾತಿನಲ್ಲಿ ಪದದ ಹುಟ್ಟು ಸರಿ, ತೀರ್ಪು ಒಪ್ಪಲಾರೆ. ಕಾಗದದ ಜೊತೆ ಲಕೋಟೆಯೊಳಗೆ ಹೋಗುವುದು ಅಡಕ. ಅದು ಮುಖಪತ್ರದ ಕೊನೆಯಲ್ಲಿ ಒಪ್ಪುತ್ತದೆ. ವರದಿಯ ಬೆನ್ನಿಗೆ ಪಿನ್ನು ಹೊಡೆದ ಫೋಟೊ, ನಕ್ಷೆ ಲಗತ್ತು. ಅನುಬಂಧ ಅಂದರೆ ವರದಿಯದೇ ಮುಂದುವರಿದ ಭಾಗ, ಉದ್ದದ ಪಟ್ಟಿಯಂಥದ್ದು. ನಾನು ಕಂಡ ಬಳಕೆ ಇದು, ಕಚೇರಿಯಿಂದ ಕಚೇರಿಗೆ ಹೊಯ್ದಾಡುತ್ತದೆ.

ಆದರೆ ನಿಮ್ಮ ವಾಕ್ಯದ ಕಷ್ಟ ಬೇರೆ ಕಡೆ ಇದೆ. ಭಾವಚಿತ್ರ ಮನುಷ್ಯರ ಮುಖದ್ದು, ಅರ್ಜಿಗೆ ಅಂಟಿಸುವುದು. ಬಿದ್ದ ಗೋಡೆಗೆ ಎಲ್ಲಿಯ ಭಾವ? ಫೋಟೊ ಎನ್ನಿ, ಬೇಕಿದ್ದರೆ ಛಾಯಾಚಿತ್ರ ಎನ್ನಿ. ಅಳತೆಯನ್ನೂ ಲಗತ್ತಿಸಲಾಗದು, ಅಳತೆ ಬರೆದ ಹಾಳೆಯನ್ನು ಲಗತ್ತಿಸಬಹುದು. ಎಲ್ಲವನ್ನೂ ಒಂದೇ ಉಸಿರಿಗೆ ಲಗತ್ತಿಸಿಬಿಟ್ಟರೆ ಯಾವ ಫೋಟೊ ಯಾವ ಮಾತಿಗೆ ಸಾಕ್ಷಿ ಎಂದು ತಹಶೀಲ್ದಾರರು ಊಹಿಸಬೇಕು. ನಾನಾದರೆ ಹೀಗೆ ಬರೆದೇನು:

“ಪಶ್ಚಿಮದ ಗೋಡೆ ದಕ್ಷಿಣದ ಮೂಲೆಯಿಂದ 12 ಅಡಿ ಉದ್ದಕ್ಕೆ ಬುಡಸಮೇತ ಕುಸಿದಿದೆ (ಲಗತ್ತು 1, ಫೋಟೊ 2). ಉಳಿದ 7 ಅಡಿಯಲ್ಲಿ ಬಿರುಕು ಬಿಟ್ಟಿದೆ. ಬಿರುಕಿನ ಜಾಗವನ್ನು ಲಗತ್ತು 2ರ ಕೈನಕ್ಷೆಯಲ್ಲಿ ‘ಅ’ ಎಂದು ಗುರುತಿಸಿದೆ.”

ಇದೇ ಸಂಖ್ಯೆಯನ್ನು ಫೋಟೊದ ಹಿಂದೆಯೂ ಬರೆಯಿರಿ, ತೆಗೆದ ದಿನ ಮತ್ತು ಯಾವ ದಿಕ್ಕಿನಿಂದ ಎಂಬುದರ ಜೊತೆ. ಪಿನ್ನು ಕಿತ್ತುಹೋದ ಮೇಲೆ ‘ಮೇಲ್ಕಂಡ ಫೋಟೊ’ಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ಇನ್ನೊಂದು: ವರದಿಯಲ್ಲಿ 12 ಅಡಿ, ನಕ್ಷೆಯಲ್ಲಿ 10 ಅಡಿ ಇದ್ದರೆ ಕಡತ ವಾಪಸು ಬರುವುದು ಖಂಡಿತ. ನನ್ನದೇ ಒಂದು ಹಾಗೆ ಬಂದಿತ್ತು.

ಠಾಣೆಯಲ್ಲಿ ಬರವಣಿಗೆ ಕೆಲಸದವರು:
ಕಂಸ ನಮಗೆ ಒಗ್ಗುವುದಿಲ್ಲ. ಮಹಜರನ್ನು ಪಂಚರಿಗೆ ಓದಿ ಹೇಳಿ ಸಹಿ ತೆಗೆದುಕೊಳ್ಳಬೇಕು. ಕಂಸದೊಳಗಿನದನ್ನು ಓದುವವರು ನುಂಗಿಬಿಡುತ್ತಾರೆ. “ಫೋಟೊ 2ರಲ್ಲಿ ಕಾಣುವಂತೆ” ಎಂದು ವಾಕ್ಯದೊಳಗೇ ಹೆಣೆದರೆ ಕಿವಿಗೂ ಬೀಳುತ್ತದೆ.

ಕೇಳಿದವರು:
ಭಾವಚಿತ್ರ ಇವತ್ತೇ ಹೊಡೆದುಹಾಕಿದೆ. ಮುಖಪತ್ರದಲ್ಲಿ ಅಡಕ, ಒಳಗೆ ಲಗತ್ತು ಅಂದಿದ್ದಕ್ಕೆ ಶಿರಸ್ತೇದಾರರು “ಒಂದೇ ಕಡತದಲ್ಲಿ ಎರಡು ಪದ ಯಾಕೆ?” ಅಂದರು. ಮೇಷ್ಟ್ರೇ, ಭೂಮಾಪಕರೇ, ಇದಕ್ಕೇನು ಹೇಳಲಿ? ಇನ್ನೊಂದು ಸಂದೇಹ: ನಕ್ಷೆಯ ‘ಅ’ ಗುರುತಿಗೆ ವಿಭಕ್ತಿ ಹಚ್ಚುವುದು ‘ಅ’ದಿಂದ ಎಂದೋ, ‘ಅ’ಯಿಂದ ಎಂದೋ?