ಪದಚರ್ಚೆ: 50 ವರ್ಷ ಕಳೆದರೂ ಒಪ್ಪುವ ಆಮೆ ಹೆಸರು

ಎಲ್ಲರಿಗೂ ನಮಸ್ಕಾರ. ನಾವಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಮನೆಗೆ ಸುಲ್ಕಾಟಾ ಜಾತಿಯ ಆಮೆಮರಿ ಬಂದಿದೆ. ಈಗ ಅಂಗೈಯಲ್ಲಿ ಕೂರುತ್ತದೆ. ಬೆಳೆದರೆ 40 ಕಿಲೋ ತೂಗಬಹುದು, 70 ವರ್ಷ ಬದುಕಬಹುದು. ನನ್ನ ಮೊಮ್ಮಕ್ಕಳೂ ಇದನ್ನು ಹೆಸರಿಟ್ಟು ಕರೆಯಬೇಕು.

ಮಗಳು ಆಗಲೇ ‘ಪುಟ್ಟ’ ಅಂತ ಕರೆಯುತ್ತಿದ್ದಾಳೆ. ಆಮೇಲೆ ಆ ಗಾತ್ರಕ್ಕೆ ಪುಟ್ಟ ಹೊಂದುತ್ತದಾ? ಗಂಡೋ ಹೆಣ್ಣೋ ಅನ್ನುವುದೂ ಈಗ ತಿಳಿಯುವುದಿಲ್ಲ. ಚಿಪ್ಪು ಒಂದಡಿ ದಾಟಿದ ಮೇಲೆ ಬಾಲದ ಉದ್ದ, ಹೊಟ್ಟೆಯ ಕಡೆ ತಗ್ಗಿದೆಯಾ ಅಂತ ನೋಡಿ ಹೇಳಬೇಕು. ಅದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಯಾವ ಹೆಸರು ಇಡಬಹುದು?

ಬಳ್ಳಾರಿಯಿಂದ: ಸ್ವಾಮಿ, ಮೊದಲು ಅರಣ್ಯ ಇಲಾಖೆಗೆ ಒಪ್ಪಿಸಿ. ನಕ್ಷತ್ರ ಆಮೆ ಸಾಕುವುದು 1972ರ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ಪಕ್ಕದ ಮನೆಯವರೂ ಹೀಗೇ ಸಿಕ್ಕಿಬಿದ್ದರು.

ಮೈಸೂರಿನಿಂದ: ಅವರದು ಆಫ್ರಿಕಾ ಮೂಲದ ಆಮೆ, ಇರುವುದು ಅಮೆರಿಕದಲ್ಲಿ. ಹೆಸರಿನ ವಿಷಯಕ್ಕೆ ಬರೋಣ.

ಇಂಗ್ಲೆಂಡಿನ ಪೌಡರ್‌ಹ್ಯಾಮ್ ಕೋಟೆಯಲ್ಲಿ ಟಿಮೊಥಿ ಅನ್ನುವ ಆಮೆ ಇತ್ತು. ಅದು ಹೆಣ್ಣು ಅಂತ ಗೊತ್ತಾದದ್ದು 1926ರಲ್ಲಿ. ಆದರೂ 2004ರಲ್ಲಿ ಸಾಯುವವರೆಗೆ ಆ ಗಂಡು ಹೆಸರೇ ಉಳಿಯಿತು. ಕನ್ನಡದಲ್ಲಿ ಇದಕ್ಕೆ ಒಳ್ಳೆ ದಾರಿಯಿದೆ. ಈಗ ಬರೀ ‘ಹೊನ್ನು’ ಅನ್ನಿ. ಗಂಡಾದರೆ ಹೊನ್ನಪ್ಪ, ಹೆಣ್ಣಾದರೆ ಹೊನ್ನಮ್ಮ. ಕೂಗುವಾಗ ಹೊನ್ನೂ ಅಂದರೆ ಯಾವಾಗಲೂ ನಡೆಯುತ್ತದೆ.

ಪುಟ್ಟವೂ ಕೆಟ್ಟ ಹೆಸರೇನಲ್ಲ. ಬರೀ ಪುಟ್ಟ ಅಂದರೆ ಮಗು ಕಣ್ಣಿಗೆ ಬರುತ್ತದೆ, ನಿಜ. ಆದರೆ ಪುಟ್ಟಪ್ಪ, ಪುಟ್ಟಮ್ಮ, ಚಿಕ್ಕಣ್ಣ, ಸಣ್ಣಮ್ಮ ಅನ್ನುವಾಗ ಯಾರಾದರೂ ಗಾತ್ರ ಯೋಚಿಸುತ್ತಾರಾ? ಹಿರಿಯರ ಹೆಸರು ಅಂತಲೇ ಕೇಳಿಸುತ್ತದೆ. ಪಿಂಕಿ, ಬಂಟಿ ಅಂತ ಇಟ್ಟರೆ ಹೀಗೆ ಬೆಳೆಸಲು ಆಗುವುದಿಲ್ಲ.

ಧಾರವಾಡದಿಂದ: ‘ಮುತ್ತು’ ಇಡ್ರಿ. ಮುತ್ತಪ್ಪ, ಮುತ್ತಮ್ಮ ಎರಡೂ ಆಗುತ್ತದೆ. ಮುತ್ತಜ್ಜ ಅನ್ನುವುದರಲ್ಲೂ ಅದೇ ಮುತ್ತು ಇದೆ. ಆಮೆಗೆ ಇದಕ್ಕಿಂತ ಏನು ಬೇಕು?

ಮೈಸೂರಿನಿಂದ: ಹೆಸರು ಚೆನ್ನಾಗಿದೆ, ಮೂಲ ಮಾತ್ರ ಬೇರೆ. ಮುತ್ತಜ್ಜದಲ್ಲಿರುವುದು ‘ಮುದು’, ಹಳೆಯದು ಅನ್ನುವ ಅರ್ಥದ್ದು. ಮಣಿಯ ಮುತ್ತಿಗೂ ಅದಕ್ಕೂ ನಂಟಿಲ್ಲ.

ಧಾರವಾಡದಿಂದ: ಇರಲಿ, ಕರೆಯುವವರ ಕಿವಿಗೆ ಎರಡೂ ಒಂದೇ ಅಲ್ವಾ? ಹೆಸರು ಬಾಳುವುದು ಕಿವಿಯಲ್ಲಿ, ನಿಘಂಟಿನಲ್ಲಿ ಅಲ್ಲ.

ಫೀನಿಕ್ಸ್‌ನಿಂದ: ಎಲ್ಲರಿಗೂ ಥ್ಯಾಂಕ್ಸ್. ನನಗೆ ಹೊನ್ನು ತುಂಬಾ ಹಿಡಿಸಿತು. ಪಕ್ಕದ ಮನೆಯವರಿಗೆ ಹೇಳಿದೆ. ಹವಾಯಿ ಭಾಷೆಯಲ್ಲಿ ಕಡಲಾಮೆಗೆ ‘ಹೊನು’ ಅನ್ನುತ್ತಾರಂತೆ! ಇಲ್ಲಿಯವರ ಬಾಯಿಗೂ ಸುಲಭ. ಮಗಳು ಮಾತ್ರ ಪುಟ್ಟ ಬಿಡುತ್ತಿಲ್ಲ. ಅದಕ್ಕೆ ಇನ್ನೊಂದು ಪ್ರಶ್ನೆ. ನಮ್ಮ ಮನೆಯಲ್ಲಿ ಹುಡುಗಿಯರನ್ನೂ ಮುದ್ದಿಗೆ ‘ಬಾ ಪುಟ್ಟ’ ಅಂತಲೇ ಕರೆಯುತ್ತೇವೆ. ನಿಮ್ಮ ಕಡೆಯೂ ಹೀಗೇನಾ, ಇಲ್ಲ ಹುಡುಗಿಗೆ ಪುಟ್ಟಿನೇ ಆಗಬೇಕಾ?