ಬ್ಯಾಂಕ್ ಕೌಂಟರ್ ಸಿಮ್ಯುಲೇಷನ್: ಗ್ರಾಹಕರ ನಡುವಿನ ಅಂತರಕ್ಕೆ ಪಾಯ್ಸಾನ್ ಹಾಕಬೇಕೋ, ಎಕ್ಸ್‌ಪೊನೆನ್ಷಿಯಲ್ಲೋ?

ಪ್ರಶ್ನೆ: ಎಂಸಿಎ ವಿದ್ಯಾರ್ಥಿನಿ, ದಾವಣಗೆರೆ

ಪ್ರಾಜೆಕ್ಟಿಗೆ ಬ್ಯಾಂಕಿನ ಒಂದು ಕ್ಯಾಶ್ ಕೌಂಟರನ್ನು ಪೈಥಾನ್‌ನಲ್ಲಿ ಸಿಮ್ಯುಲೇಟ್ ಮಾಡ್ತಿದ್ದೇನೆ. ಗಂಟೆಗೆ ಸರಾಸರಿ 20 ಜನ, ಅಂದರೆ 3 ನಿಮಿಷಕ್ಕೊಬ್ಬರು. ಕ್ಯಾಶಿಯರ್ ಒಬ್ಬರೇ, ಒಬ್ಬ ಗ್ರಾಹಕರಿಗೆ ಸರಾಸರಿ 2.5 ನಿಮಿಷ, ಅದು ಎಕ್ಸ್‌ಪೊನೆನ್ಷಿಯಲ್. ಇಬ್ಬರು ಗ್ರಾಹಕರ ನಡುವಿನ ಅಂತರಕ್ಕೆ ಸರಾಸರಿ 3ರ ಪಾಯ್ಸಾನ್ ಸಂಖ್ಯೆ ಹಾಕಿದರೆ ಕಾಯುವ ಸಮಯ ಸರಾಸರಿ 8 ನಿಮಿಷ ಬರ್ತಿದೆ. ಎಕ್ಸ್‌ಪೊನೆನ್ಷಿಯಲ್ ಹಾಕಿದರೆ ಹನ್ನೆರಡೂವರೆಯ ಆಸುಪಾಸು. ಎರಡರಲ್ಲೂ ಅಂತರದ ಸರಾಸರಿ 3 ನಿಮಿಷವೇ. ಲಕ್ಷಗಟ್ಟಲೆ ಗ್ರಾಹಕರನ್ನು ಓಡಿಸಿದರೂ ವ್ಯತ್ಯಾಸ ಹೋಗ್ತಿಲ್ಲ. ಯಾವುದು ಸರಿ?

ವೆಬ್ ಡೆವಲಪರ್, ಮೈಸೂರು

ಪಾಯ್ಸಾನ್ ಸರಿ. ಬ್ಯಾಂಕಿಗೆ ಜನ ಬರೋದು ಪಾಯ್ಸಾನ್ ಅಂತ ಎಲ್ಲಾ ಪುಸ್ತಕದಲ್ಲೂ ಇದೆಯಲ್ಲ. ಎಕ್ಸ್‌ಪೊನೆನ್ಷಿಯಲ್ ಇರೋದು ಸರ್ವೀಸ್ ಟೈಮಿಗೆ. ಅಂತರಕ್ಕೆ ಅದನ್ನು ಹಾಕಬೇಡಿ.

ಸಂಖ್ಯಾಶಾಸ್ತ್ರ ಪಾಠ ಹೇಳುವವರು, ಧಾರವಾಡ

ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ ಐತಿ. ಜನ ಬರೋದು ಪಾಯ್ಸಾನ್ ಅಂದಾಗ ನಾವು ತಲೆ ಎಣಿಸ್ತೀವಿ: ಒಂದು ಗಂಟೆಯೊಳಗೆ ಎಷ್ಟು ಮಂದಿ ಬಂದರು ಅನ್ನೋದು ಪಾಯ್ಸಾನ್. ಒಬ್ಬರು ಬಂದಮೇಲೆ ಇನ್ನೊಬ್ಬರು ಬರೋತನಕ ಎಷ್ಟು ಹೊತ್ತಾಯಿತು ಅನ್ನೋದು ಗಡಿಯಾರದ ಲೆಕ್ಕ, ಅದು ಎಕ್ಸ್‌ಪೊನೆನ್ಷಿಯಲ್. ಎರಡೂ ಒಂದೇ ಘಟನೆಯ ಎರಡು ಅಳತೆಗಳು. ಹಾಗಾಗಿ ನಿಮ್ಮ ಕೋಡಿಗೆ ಹನ್ನೆರಡೂವರೆ ನಿಮಿಷವೇ ಸರಿ. ಸೂತ್ರದಿಂದಲೂ ಅಷ್ಟೇ ಬರತೈತಿ: ಗಂಟೆಗೆ ಬರುವವರು 20, ಕ್ಯಾಶಿಯರ್ ಮುಗಿಸಬಲ್ಲದ್ದು 24, ಅಂದರೆ ಸರಾಸರಿ ಕಾಯುವಿಕೆ 20 / (24 × 4) ಗಂಟೆ, ಹನ್ನೆರಡೂವರೆ ನಿಮಿಷ.

ಸರಾಸರಿ ಒಂದೇ ಇದ್ದರೂ ಉತ್ತರ ಯಾಕೆ ಬೇರೆ ಅಂದರೆ, ಸಾಲು ಬೆಳೆಯೋದು ಸರಾಸರಿಯಿಂದ ಮಾತ್ರವಲ್ಲ, ಏರುಪೇರಿನಿಂದಲೂ. ಎಕ್ಸ್‌ಪೊನೆನ್ಷಿಯಲ್‌ನಲ್ಲಿ ಸರಾಸರಿ 3 ನಿಮಿಷ ಇದ್ದರೆ ನೂರರಲ್ಲಿ 28 ಅಂತರಗಳು ಒಂದು ನಿಮಿಷಕ್ಕಿಂತ ಕಡಿಮೆ ಇರತಾವು, 5 ಅಂತರಗಳು 9 ನಿಮಿಷ ದಾಟತಾವು. ಸರಾಸರಿ 3ರ ಪಾಯ್ಸಾನ್‌ನಲ್ಲಿ 9 ದಾಟೋದು ಸಾವಿರದಲ್ಲಿ ಒಂದು. ಹೆಚ್ಚಿನ ಅಂತರಗಳು 2, 3, 4ರ ಹತ್ತಿರವೇ ಕೂತುಬಿಡತಾವು. ಅಂದರೆ ನಿಮ್ಮ ಮೊದಲ ಪ್ರೋಗ್ರಾಮಿನಲ್ಲಿ ಜನ ಅಪಾಯಿಂಟ್‌ಮೆಂಟ್ ತಗೊಂಡವರ ಹಂಗ ಬರಾಕತ್ತಾರ. ನಿಜವಾದ ಶಾಖೆಯಲ್ಲಿ ನಾಲ್ಕು ಜನ ಒಟ್ಟಿಗೆ ಬಂದು, ಆಮೇಲೆ ಹತ್ತು ನಿಮಿಷ ಯಾರೂ ಬರೋದಿಲ್ಲ. ಆ ಖಾಲಿ ಹತ್ತು ನಿಮಿಷವನ್ನು ಕ್ಯಾಶಿಯರ್ ಉಳಿಸಿಟ್ಟುಕೊಂಡು ಮುಂದಿನ ಗದ್ದಲಕ್ಕೆ ಬಳಸೋಕಾಗೋದಿಲ್ಲ. ಸಾಲು ಹುಟ್ಟೋದು ಅಲ್ಲೇ.

ಅಂತರ ಹುಟ್ಟಿಸೋದು ಹೀಗೆ:

```python
import random, math

def gap(mean):
    u = random.random()
    return -mean * math.log(1 - u)
```

`random.random()` 0 ಕೊಡಬಹುದು, 1 ಎಂದೂ ಕೊಡೋದಿಲ್ಲ. ಅದಕ್ಕೇ `log(u)` ಬದಲು `log(1 - u)` ಬರೆದದ್ದು. ಇಲ್ಲಂದರ ಯಾವತ್ತೋ ಒಂದು ಸಲ ಲಾಗ್ ಸೊನ್ನೆಗೆ ಸಿಕ್ಕು ಪ್ರೋಗ್ರಾಂ ನಿಂತುಬಿಡತೈತಿ.

ಕೈಯಲ್ಲೇ ಒಮ್ಮೆ ಮಾಡಿ ನೋಡ್ರಿ. ಯಾದೃಚ್ಛಿಕ ಸಂಖ್ಯೆಗಳು 0.42, 0.91, 0.13, 0.67, 0.08 ಬಂದವು ಅಂತಿಟ್ಟುಕೊಳ್ಳಿ. ಅಂತರಗಳು 1.63, 7.22, 0.42, 3.33, 0.25 ನಿಮಿಷ ಆಗತಾವು. ಒಂದರ ಮೇಲೊಂದು ಕೂಡಿಸ್ತಾ ಹೋದರೆ, 10 ಗಂಟೆಯಿಂದ ಲೆಕ್ಕ ಹಾಕಿ ಜನ ಬಂದ ಹೊತ್ತು 1.63, 8.86, 9.28, 12.60, 12.85ನೇ ನಿಮಿಷ. ಎರಡನೆಯವರು ಬಂದು ಅರ್ಧ ನಿಮಿಷಕ್ಕೂ ಮೊದಲೇ ಮೂರನೆಯವರು ಹಾಜರು. ಮೊದಲ ಹತ್ತು ನಿಮಿಷದಲ್ಲಿ ಎಷ್ಟು ಮಂದಿ? ಮೂವರು. ಈ "ಮೂವರು" ಅನ್ನೋದೇ ಪಾಯ್ಸಾನ್ ಸಂಖ್ಯೆ. ನೀವದನ್ನು ಬೇರೆಯಾಗಿ ಹುಟ್ಟಿಸಬೇಕಿಲ್ಲ, ಅಂತರಗಳಿಂದ ತಾನೇ ಬಂತು.

ಒಂದು ಪರೀಕ್ಷೆ ಮಾಡ್ರಿ. ಎರಡೂ ಪ್ರೋಗ್ರಾಮಿನಲ್ಲಿ ಗಂಟೆಗಂಟೆಗೂ ಬಂದವರನ್ನು ಎಣಿಸಿ, ಆ ಎಣಿಕೆಗಳ ಸರಾಸರಿ ಮತ್ತು ವೇರಿಯನ್ಸ್ ತೆಗೀರಿ. ಪಾಯ್ಸಾನ್ ಆಗಿದ್ದರೆ ಎರಡೂ 20ರ ಹತ್ತಿರ ಇರಬೇಕು.

ಪ್ರಶ್ನೆ ಕೇಳಿದವರು

ಮಾಡಿದೆ ಸರ್. ಎಕ್ಸ್‌ಪೊನೆನ್ಷಿಯಲ್ ಅಂತರದಲ್ಲಿ ಸರಾಸರಿ 20, ವೇರಿಯನ್ಸ್ ಕೂಡ 20ರ ಹತ್ತಿರವೇ. ಪಾಯ್ಸಾನ್ ಅಂತರದಲ್ಲಿ ಸರಾಸರಿ 20, ಆದರೆ ವೇರಿಯನ್ಸ್ 7 ಮಾತ್ರ. ಅಂತರಕ್ಕೆ ಪಾಯ್ಸಾನ್ ಹಾಕಿದರೆ ಎಣಿಕೆ ಪಾಯ್ಸಾನ್ ಆಗಲ್ಲ ಅಂತ ಈಗ ಕಣ್ಣಿಗೇ ಕಂಡಿತು.

ವೆಬ್ ಡೆವಲಪರ್, ಮೈಸೂರು

ಸರಿ, ಒಪ್ಪಿದೆ. ಆದರೆ ಇದೇ ಸಂಖ್ಯೆಗಳನ್ನಿಟ್ಟು ಎಕ್ಸ್‌ಪೊನೆನ್ಷಿಯಲ್ ಹಾಕಿ ನಾನೂ ಓಡಿಸಿ ನೋಡಿದೆ, ನನ್ನ ಸಾಲು ಕರಗೋದೇ ಇಲ್ಲ. ಕಾಯುವ ಸಮಯ ಗಂಟೆಗಟ್ಟಲೆ ಹೋಗ್ತಿದೆ. ಗಡಿಯಾರ ನಿಮಿಷದಲ್ಲಿ ಇರೋದರಿಂದ ಅಂತರಕ್ಕೆ `int(gap(3))` ಹಾಕಿದ್ದೇನೆ, ಬೇರೇನೂ ಬದಲಿಸಿಲ್ಲ.

ಸಂಖ್ಯಾಶಾಸ್ತ್ರ ಪಾಠ ಹೇಳುವವರು, ಧಾರವಾಡ

ಆ `int` ತೆಗೀರಿ. ಅದು ದಶಾಂಶವನ್ನು ಕೆಳಕ್ಕೇ ಕತ್ತರಿಸತೈತಿ: 1.63 ಇದ್ದದ್ದು 1, 0.42 ಇದ್ದದ್ದು 0. ಪ್ರತಿ ಸಲ ಕಳಕೊಳ್ಳೋದು ಸುಮಾರು ಅರ್ಧ ನಿಮಿಷ. ಅಂತರದ ಸರಾಸರಿ 3ರಿಂದ 2.53ಕ್ಕೆ ಇಳಿತು, ಅಂದರೆ ಗಂಟೆಗೆ 20 ಜನ ಇದ್ದವರು 23.7 ಆದರು. ಕ್ಯಾಶಿಯರ್ ಕೈಲಾಗೋದು 24. ಇಷ್ಟು ಹತ್ತಿರ ಬಂದಮೇಲೆ ಸಾಲು ಕರಗೋದು ಹೆಂಗ? ಲೆಕ್ಕ ಪೂರಾ ದಶಾಂಶದಲ್ಲೇ ನಡೀಲಿ, ಪರದೆ ಮೇಲೆ ತೋರಿಸುವಾಗ ಮಾತ್ರ ನಿಮಿಷ ಮಾಡ್ರಿ.

ಇದರ ಜೋಡಿ ಇನ್ನೊಂದು ನೋಡಿಕೊಳ್ಳಿ. ಪೈಥಾನಿನ `random.expovariate` ಕೇಳೋದು ದರ, ಅಲ್ಲಿ `1/3` ಕೊಡಬೇಕು. ನಮ್‌ಪೈಯ `exponential` ಕೇಳೋದು ಸರಾಸರಿ, ಅಲ್ಲಿ `3`. ಅದಲುಬದಲಾದರೆ ಅಂತರ 20 ಸೆಕೆಂಡಿಗೆ ಇಳಿದುಬಿಡತೈತಿ, ಪ್ರೋಗ್ರಾಂ ಮಾತ್ರ ಯಾವ ಎರರ್ ಕೊಡೋದಿಲ್ಲ. ಹುಟ್ಟಿಸಿದ ಮೊದಲ ಸಾವಿರ ಅಂತರಗಳ ಸರಾಸರಿಯನ್ನು ಪ್ರಿಂಟ್ ಮಾಡಿಸಿಕೊಂಡರೆ ಅಲ್ಲೇ ಗೊತ್ತಾಗತೈತಿ.

ನಿವೃತ್ತ ಕ್ಯಾಶಿಯರ್, ಶಿವಮೊಗ್ಗ

ನನಗೆ ಈ ಪೈಥಾನ್ ತಿಳಿಯದು, ಆದರೆ ಕೌಂಟರಿನ ಹಿಂದೆ ಕೂತವನು ನಾನು. ನೀವೆಲ್ಲ ಬೆಳಗ್ಗೆ ಹತ್ತಕ್ಕೆ ಖಾಲಿ ಹಾಲ್‌ನಿಂದ ಶುರು ಮಾಡ್ತಿದ್ದೀರಿ. ಶಟರ್ ಎತ್ತುವ ಮೊದಲೇ ಏಳೆಂಟು ಜನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ತಿಂಗಳ ಮೊದಲ ವಾರ ಪಿಂಚಣಿಯವರು ಬಂದರಂತೂ ಕೇಳಲೇಬೇಡಿ. ಮಧ್ಯಾಹ್ನ ಎರಡರ ಮೇಲೆ ಅದೇ ಹಾಲ್ ಖಾಲಿ. ಇಡೀ ದಿನ ಗಂಟೆಗೆ 20 ಅನ್ನುವುದು ಯಾವ ಶಾಖೆಯದಮ್ಮ?

ಇನ್ನೊಂದು. ಚಲನ್ ನೋಡಿ, ನೋಟು ಎಣಿಸುವ ಯಂತ್ರಕ್ಕೆ ಹಾಕಿ, ಎಂಟ್ರಿ ಮಾಡಿ, ಸೀಲ್ ಹೊಡೆದು ಕೌಂಟರ್‌ಫಾಯಿಲ್ ಹರಿದು ಕೊಡುವಷ್ಟರಲ್ಲಿ ಎಷ್ಟೇ ಚುರುಕಾದರೂ ಒಂದು ನಿಮಿಷವಾದರೂ ಹೋಗುತ್ತದೆ. ನಿಮ್ಮ ಲೆಕ್ಕದಲ್ಲಿ ಅರ್ಧ ನಿಮಿಷದಲ್ಲೇ ಮುಗಿಯುವವರು ಇದ್ದಾರೆಯೇ?

ಸಂಖ್ಯಾಶಾಸ್ತ್ರ ಪಾಠ ಹೇಳುವವರು, ಧಾರವಾಡ

ಇದ್ದಾರೆ ಸರ್, ನೂರರಲ್ಲಿ 18 ಜನ. ನೀವು ಕೇಳಿದ್ದು ಬಹಳ ಸರಿ. ಬರುವವರು ಒಬ್ಬರಿಗೊಬ್ಬರು ಸಂಬಂಧವಿಲ್ಲದ ನೂರಾರು ಮಂದಿ, ತಮ್ಮ ತಮ್ಮ ಹೊತ್ತಿಗೆ ಮನೆ ಬಿಡೋರು. ಹಾಗಾಗಿ ಬರುವಿಕೆಗೆ ಪಾಯ್ಸಾನ್ ಹೊಂದತೈತಿ. ಕೋಪನ್‌ಹೇಗನ್‌ನ ಟೆಲಿಫೋನ್ ಕರೆಗಳಿಗೆ ಎರ್ಲಾಂಗ್ 1909ರಲ್ಲಿ ಹೇಳಿದ್ದೂ ಇದೇ ಕಾರಣ. ಆದರೆ ಸೇವೆಯ ಸಮಯಕ್ಕೆ ಅಂಥ ಕಾರಣ ಏನೂ ಇಲ್ಲ, ಸೂತ್ರ ಸುಲಭ ಆಗತೈತಿ ಅಂತ ಎಕ್ಸ್‌ಪೊನೆನ್ಷಿಯಲ್ ಹಾಕೋದು. ಎಲ್ಲರಿಗೂ ಸರಿಯಾಗಿ ಎರಡೂವರೆ ನಿಮಿಷವೇ ಹಿಡಿದಿದ್ದರೆ ಕಾಯುವಿಕೆ ಅರ್ಧಕ್ಕೆ, ಆರೂಕಾಲು ನಿಮಿಷಕ್ಕೆ ಇಳೀತಿತ್ತು. ನಿಜ ಇವೆರಡರ ನಡುವೆ ಎಲ್ಲೋ ಐತಿ.

ಮೆಟ್ಟಿಲ ಮೇಲೆ ಕೂತವರ ವಿಷಯಕ್ಕೆ ಬರೋಣ. ಪಾಯ್ಸಾನ್ ಸಂಖ್ಯೆಯನ್ನು ನೇರವಾಗಿ ಹುಟ್ಟಿಸೋ ಕೆಲಸ ಇಲ್ಲೇ ಬೀಳೋದು. ಅವರು ಒಬ್ಬೊಬ್ಬರು ಯಾವ ನಿಮಿಷಕ್ಕೆ ಬಂದರು ಅನ್ನೋದು ಬೇಕಿಲ್ಲ, ಶಟರ್ ಎತ್ತುವಾಗ ಎಷ್ಟು ಮಂದಿ ಇದ್ದರು ಅನ್ನೋದಷ್ಟೇ ಸಾಕು:

```python
def poisson(m):
    limit, p, k = math.exp(-m), random.random(), 0
    while p > limit:
        p *= random.random()
        k += 1
    return k

queue_at_10 = poisson(8)
```

ಇದು ಬೇರೆ ವಿದ್ಯೆ ಅಲ್ಲ. ಯಾದೃಚ್ಛಿಕ ಸಂಖ್ಯೆಗಳನ್ನು ಗುಣಿಸೋದು ಅಂದರೆ ಅವುಗಳ ಲಾಗ್‌ಗಳನ್ನು ಕೂಡಿಸೋದು, ಲಾಗ್ ಕೂಡಿಸೋದು ಅಂದರೆ ಅಂತರ ಕೂಡಿಸೋದು. ಮಿತಿ ದಾಟೋತನಕ ಎಷ್ಟು ಅಂತರ ಹಿಡಿದವು ಅಂತ ಎಣಿಸಿದ್ದಷ್ಟೇ. ಸರಾಸರಿ 745 ದಾಟಿದರೆ `exp(-m)` ಸೊನ್ನೆಯಾಗಿ ಉತ್ತರ ಕೆಡತೈತಿ. ಒಂದು ಶಾಖೆಗೆ ಆ ಭಯ ಇಲ್ಲ, ಇಡೀ ಜಿಲ್ಲೆಯದು ಮಾಡೋದಾದರೆ ನಮ್‌ಪೈಯ `poisson` ಬಳಸ್ರಿ.

ಗಂಟೆಗೊಂದು ದರ ಹಾಕೋದೂ ಕಷ್ಟ ಅಲ್ಲ. 11ರ ತನಕ ಒಂದು ದರ, ಆಮೇಲೆ ಇನ್ನೊಂದು ಅಂತಿಟ್ಟುಕೊಳ್ಳಿ. 10:58ಕ್ಕೆ ತೆಗೆದ ಅಂತರ 11 ದಾಟಿ ಹೋದರೆ ಅದನ್ನು ಬಿಟ್ಟುಬಿಡ್ರಿ, 11ಕ್ಕೆ ನಿಂತು ಹೊಸ ದರದಿಂದ ಹೊಸ ಅಂತರ ತೆಗೀರಿ. ಎಕ್ಸ್‌ಪೊನೆನ್ಷಿಯಲ್‌ಗೆ ಕಳೆದ ಹೊತ್ತಿನ ನೆನಪಿಲ್ಲ, ಅದಕ್ಕೇ ಹೀಗೆ ಮಾಡಿದರೂ ಲೆಕ್ಕ ತಪ್ಪೋದಿಲ್ಲ. ದಶಾಂಶದಲ್ಲಿ ಹೊತ್ತು ಅಳೆಯುವ ಬೇರೆ ಯಾವ ನಿರಂತರ ವಿತರಣೆಗೂ ಈ ಸವಲತ್ತು ಇಲ್ಲ.

ನಿವೃತ್ತ ಕ್ಯಾಶಿಯರ್, ಶಿವಮೊಗ್ಗ

ಪಿಂಚಣಿಯವರು ಒಬ್ಬೊಬ್ಬರಾಗಿ ಬರುವುದಿಲ್ಲ ಮೇಷ್ಟ್ರೇ. ಒಂದು ಬಸ್ಸಿನಿಂದ ಆರು ಜನ ಇಳಿದು ಒಟ್ಟಿಗೇ ಒಳಗೆ ಬರುತ್ತಾರೆ. ಅದಕ್ಕೂ ನಿಮ್ಮ ಪಾಯ್ಸಾನ್ ಹೊಂದುತ್ತದೆಯೇ?

ಸಂಖ್ಯಾಶಾಸ್ತ್ರ ಪಾಠ ಹೇಳುವವರು, ಧಾರವಾಡ

ಜನರಿಗೆ ಹೊಂದೋದಿಲ್ಲ, ಗುಂಪುಗಳಿಗೆ ಹೊಂದಬಹುದು. ಗುಂಪು ಬರುವ ಅಂತರ ಎಕ್ಸ್‌ಪೊನೆನ್ಷಿಯಲ್, ಒಂದೊಂದು ಗುಂಪಿನಲ್ಲಿ ಎಷ್ಟು ಮಂದಿ ಅನ್ನೋದಕ್ಕೆ ಇನ್ನೊಂದು ಯಾದೃಚ್ಛಿಕ ಸಂಖ್ಯೆ. ಆದರೆ ಬಸ್ಸಿಗೆ ವೇಳಾಪಟ್ಟಿ ಇದ್ದರೆ ಗುಂಪಿಗೂ ಅದು ಸರಿಹೋಗೋದಿಲ್ಲ. ಟೋಕನ್ ಮಷಿನ್ನಿನ ದಾಖಲೆ ನೋಡದೆ ನಾನು ಹೂಂ ಅನ್ನಲಾರೆ.

ಪ್ರಶ್ನೆ ಕೇಳಿದವರು

ಟೋಕನ್ ದಾಖಲೆ ಕೊಡ್ತೀವಿ ಅಂತ ಒಂದು ಶಾಖೆಯವರು ಹೇಳಿದ್ದಾರೆ, ಹೆಸರು ನಂಬರ್ ಏನೂ ಇಲ್ಲದೆ ಬರೀ ಸಮಯ ಮಾತ್ರ. ಅದರಲ್ಲಿ ಏನನ್ನು ನೋಡಲಿ ಸರ್?

ಸಂಖ್ಯಾಶಾಸ್ತ್ರ ಪಾಠ ಹೇಳುವವರು, ಧಾರವಾಡ

11ರಿಂದ 12ರ ತನಕದ್ದನ್ನು ಮಾತ್ರ ತಗೊಂಡು, ದಿನದಿನದ ಎಣಿಕೆ ಬರೀರಿ. ಬೇರೆ ಬೇರೆ ಗಂಟೆಗಳನ್ನು ಕಲಸಬೇಡ್ರಿ, ದರವೇ ಬೇರೆ ಇರೋದರಿಂದ ವೇರಿಯನ್ಸ್ ಸುಳ್ಳೇ ಉಬ್ಬಿ ಕಾಣತೈತಿ. ತಿಂಗಳ ಮೊದಲ ವಾರ ಬೇರೆ ಇಡ್ರಿ, ಸೋಮವಾರಗಳನ್ನೂ ಬೇರೆ ಇಟ್ಟರೆ ಒಳ್ಳೇದು. ವೇರಿಯನ್ಸ್ ಸರಾಸರಿಯ ಹತ್ತಿರ ಇದ್ದರೆ ಈಗಿನ ಕೋಡ್ ಸಾಕು. ಎರಡರಷ್ಟು ಬಂದರೆ ನಮ್ಮ ಕ್ಯಾಶಿಯರ್ ಸರ್ ಹೇಳಿದ ಗುಂಪು ಇರಬಹುದು, ಇಲ್ಲಾ ದಿನದಿಂದ ದಿನಕ್ಕೆ ದರವೇ ಬದಲಾಗ್ತಿರಬಹುದು. ಅದನ್ನು ಬಿಡಿಸೋಕೆ ಒಂದೇ ನಿಮಿಷದಲ್ಲಿ ಎರಡು ಮೂರು ಟೋಕನ್ ಎಷ್ಟು ಸಲ ಹೋಗ್ಯಾವು ಅಂತ ನೋಡ್ರಿ. ಸೇವೆಯ ಸಮಯವನ್ನು ಆ ದಾಖಲೆಯಿಂದಲೇ ತಗೊಳ್ಳಿ, ಸೂತ್ರದಿಂದ ಬೇಡ.

ನಿವೃತ್ತ ಕ್ಯಾಶಿಯರ್, ಶಿವಮೊಗ್ಗ

ಟೋಕನ್ ತೆಗೆದುಕೊಂಡು ಸಾಲು ನೋಡಿ ವಾಪಸ್ ಹೋದವರೂ ಆ ದಾಖಲೆಯಲ್ಲಿ ಇರುತ್ತಾರಮ್ಮ. ಕರೆದಾಗ ಯಾರೂ ಬರದೆ ಎರಡು ಸೆಕೆಂಡಿಗೆ ಮುಂದಿನ ನಂಬರ್ ಒತ್ತಿದ್ದು ಸೇವೆಯ ಸಮಯವಲ್ಲ. ಅವನ್ನು ಮೊದಲು ತೆಗೆದುಹಾಕು.