ಸಹಾಯ ಬೇಕು: ಕೋಲ್ಡ್ ಸ್ಟೋರೇಜ್ ಲೆಕ್ಕದಲ್ಲಿ ಎರಡು ಅಂದಾಜು ಒಟ್ಟಿಗೆ ಕೈಕೊಟ್ಟರೆ?

ನಮಸ್ಕಾರ. ವಿಜಯಪುರದ ಹತ್ತಿರ ಒಣದ್ರಾಕ್ಷಿಗೆ 1,000 ಟನ್ನಿನ ಕೋಲ್ಡ್ ಸ್ಟೋರೇಜ್ ಕಟ್ಟುವವರಿಗೆ ಎಕ್ಸೆಲ್ ಮಾಡೆಲ್ ಮಾಡುತ್ತಿದ್ದೇನೆ. ವರ್ಷವಿಡೀ ಸರಾಸರಿ 70% ಭರ್ತಿ, ಟನ್ನಿಗೆ ತಿಂಗಳಿಗೆ 700 ರೂಪಾಯಿ ಬಾಡಿಗೆ ಅಂತ ಹಿಡಿದಿದ್ದೇನೆ. ಎರಡೂ ಬರೀ ಅಂದಾಜು. ವರ್ಷದ ಖರ್ಚು 26 ಲಕ್ಷ, ಬ್ಯಾಂಕ್ ಕಂತು 20 ಲಕ್ಷ. ಆಗ ಕಂತಿನ 1.64 ಪಟ್ಟು ಹಣ ಕೈಯಲ್ಲಿರುತ್ತದೆ.

ಭರ್ತಿಯೊಂದನ್ನೇ 60%ಗೆ ಇಳಿಸಿದರೆ 1.22. ಬಾಡಿಗೆಯೊಂದನ್ನೇ 600 ಮಾಡಿದರೂ 1.22. ಎರಡೂ ಇಳಿದರೆ 0.86, ಕಂತೇ ಕಟ್ಟೋಕಾಗಲ್ಲ! ಬೆಳೆ ಕೆಟ್ಟ ವರ್ಷ ಎರಡೂ ಜೊತೆಗೇ ಇಳಿಯಬಹುದು, ಅಲ್ವಾ? ಒಂದೊಂದನ್ನೇ ಬದಲಿಸಿ ನೋಡುವ ಪಟ್ಟಿ ಸುಮ್ನೆ ಧೈರ್ಯ ಕೊಡುತ್ತಿದೆ.

‘ಬೆಳೆ’ ಅಂತ ಒಂದೇ ಸೆಲ್ ಇಟ್ಟು ಎರಡನ್ನೂ ಅದಕ್ಕೆ ಜೋಡಿಸಲೇ, ಅಥವಾ Data Tableನಲ್ಲಿ ಎರಡನ್ನೂ ಹಾಕಿ 1ಕ್ಕಿಂತ ಕೆಳಗಿನ ಸೆಲ್‌ಗಳಿಗೆ ಕೆಂಪು ಬಣ್ಣ ಕೊಟ್ಟರೆ ಬ್ಯಾಂಕಿನವರಿಗೆ ಸಾಕೇ? ಸ್ಟೋರೇಜ್ ನಡೆಸುವವರು ಯಾರಾದರೂ ಇದ್ದರೆ, ಕೆಟ್ಟ ವರ್ಷ ಭರ್ತಿ, ಬಾಡಿಗೆ ಎಷ್ಟೆಷ್ಟು ಇಳಿದಿತ್ತು ಹೇಳಿ.